ರಾತ್ರಿ ಹಾಲು ಬಿಡಿಸುವುದು: ಯಾವಾಗ, ಹೇಗೆ?

ಒಂದೂವರೆ ವರ್ಷದ ಮಗು ರಾತ್ರಿ ನಾಲ್ಕು ಸಲ ಎದ್ದು ಹಾಲಿಗೆ ಹಟ ಹಿಡಿದರೆ, ಹಸಿವಾಗಿರಬೇಕು ಎಂದೇ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಹಗಲು ಚೆನ್ನಾಗಿ ಉಣ್ಣುವ ಮಗುವಾದರೆ ಕಾರಣ ಸಾಮಾನ್ಯವಾಗಿ ಬೇರೆಯೇ ಇರುತ್ತದೆ. ನಮ್ಮೆಲ್ಲರ ನಿದ್ದೆಯಂತೆ ಮಗುವಿನ ನಿದ್ದೆಯೂ ಆಗಾಗ ತೆಳುವಾಗುತ್ತದೆ. ದೊಡ್ಡವರು ಮಗ್ಗುಲು ಬದಲಿಸಿ ಮತ್ತೆ ಮಲಗುತ್ತಾರೆ. ಹಾಲು ಚೀಪುತ್ತಲೇ ನಿದ್ದೆಗೆ ಜಾರಿ ಅಭ್ಯಾಸವಾದ ಮಗುವಿಗೆ ಮರಳಿ ಮಲಗಲು ಗೊತ್ತಿರುವ ದಾರಿ ಅದೊಂದೇ. ಹಾಗಾಗಿ ನಡುರಾತ್ರಿ ಹಾಲು ತಪ್ಪಿಸುವ ಮೊದಲು, ಮಗು ಸಂಜೆ ನಿದ್ದೆ ಹೋಗುವ ಬಗೆಯನ್ನು ಬದಲಿಸಬೇಕು. ಇದನ್ನು ಬಿಟ್ಟು ನೇರವಾಗಿ ರಾತ್ರಿ ಎರಡು ಗಂಟೆಗೆ ‘ಇಲ್ಲ’ ಎಂದರೆ ಮಗು ಕಂಗಾಲಾಗುತ್ತದೆ.

ರಾತ್ರಿ ಹಾಲು ನಿಲ್ಲಿಸಿದರೆ ಹಗಲಿನದನ್ನೂ ನಿಲ್ಲಿಸಬೇಕೆಂದಿಲ್ಲ. ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಮುಂದುವರಿಸಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇಲ್ಲಿ ಹೇಳುತ್ತಿರುವುದು ರಾತ್ರಿಯ ಕೆಲವು ಗಂಟೆಗಳ ವಿಷಯ ಮಾತ್ರ.

ಸಮಯ ನೋಡಿ ಹೊರಡಿ

ವರ್ಷ ತುಂಬದ ಮಗುವಿಗೆ ಈ ಕ್ರಮ ಬೇಡ. ವರ್ಷದ ಮೇಲೆ ಮಾಡಬಹುದಾದರೂ, ಸುಮಾರು 18 ತಿಂಗಳು ದಾಟಿದ ಮೇಲೆ ಕೆಲಸ ಹಗುರ. ‘ಆಮೇಲೆ’, ‘ಬೆಳಕಾದ ಮೇಲೆ’ ಎಂಬ ಮಾತು ಆಗ ಮಗುವಿಗೆ ಅರ್ಥವಾಗತೊಡಗಿರುತ್ತದೆ. ‘ಚೆಂಡು ತಾ’, ‘ದೀಪ ಆರಿಸೋಣ’ ಎಂದರೆ ತಿಳಿದು ನಡೆಯುವ ಮಗು ಇದಕ್ಕೂ ಹೆಚ್ಚುಕಡಿಮೆ ಸಿದ್ಧ ಎನ್ನಬಹುದು.

ವಯಸ್ಸು ಸರಿಯಿದ್ದರೂ ಕೆಲವು ವಾರಗಳು ಸರಿಯಿರುವುದಿಲ್ಲ. ಜ್ವರ, ನೆಗಡಿ, ಹಲ್ಲು ಬರುವ ನೋವು, ಪ್ರಯಾಣ, ಮನೆ ಬದಲಾವಣೆ, ಶಿಶುವಿಹಾರದ ಮೊದಲ ದಿನಗಳು, ತಾಯಿ ಕೆಲಸಕ್ಕೆ ಮರಳುವ ವಾರ, ಇವೆಲ್ಲ ಮುಗಿಯಲಿ. ಇನ್ನೊಂದು ಕೂಸು ಬರುವುದಿದ್ದರೆ ಹೆರಿಗೆಗೆ ಒಂದೆರಡು ತಿಂಗಳು ಮೊದಲೇ ಮುಗಿಸಿಬಿಡಿ. ಇಲ್ಲವಾದರೆ ತನ್ನ ಜಾಗವನ್ನು ಕೂಸು ಕಿತ್ತುಕೊಂಡಿತು ಎಂದು ದೊಡ್ಡ ಮಗುವಿಗೆ ಅನಿಸಬಹುದು. ತೂಕ ಸರಿಯಾಗಿ ಏರದ, ಜೋರಾಗಿ ಗೊರಕೆ ಹೊಡೆಯುವ ಅಥವಾ ರಾತ್ರಿಯಿಡೀ ಕಾಲು ಒದರುವ ಮಗುವನ್ನು ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ. ಕಬ್ಬಿಣದ ಅಂಶ ಕಡಿಮೆಯಾದರೂ ನಿದ್ದೆ ಕೆಡುತ್ತದೆ.

ಮೊದಲ ವಾರ: ಹಾಲನ್ನೂ ನಿದ್ದೆಯನ್ನೂ ಬೇರ್ಪಡಿಸಿ

ಮೂರು ರಾತ್ರಿ ಏನನ್ನೂ ಬದಲಿಸದೆ ಬರೆದಿಡಿ: ಮಗು ಎದ್ದದ್ದು ಎಷ್ಟು ಗಂಟೆಗೆ, ಹಾಲು ಕುಡಿದದ್ದು ಎಷ್ಟು ನಿಮಿಷ. ಊಹೆಗೂ ಈ ಲೆಕ್ಕಕ್ಕೂ ಅಂತರವಿರುವುದೇ ಹೆಚ್ಚು.

ಬಳಿಕ ಮಲಗುವ ಮುನ್ನಿನ ಹಾಲನ್ನು ಅರ್ಧ ಗಂಟೆ ಮುಂಚೆಯೇ ಕೊಡಿ. ದೀಪ ಉರಿಯುತ್ತಿರುವಾಗಲೇ, ಹಾಸಿಗೆಯಲ್ಲದ ಬೇರೆ ಜಾಗದಲ್ಲಿ ಕುಡಿಸಿ. ನಂತರ ಹಲ್ಲುಜ್ಜಿಸಿ, ಬಟ್ಟೆ ಬದಲಿಸಿ, ಒಂದು ಪುಟ್ಟ ಕತೆ ಹೇಳಿ ಮಲಗಿಸಿ. ಬೆನ್ನು ತಟ್ಟುವುದು, ಒಂದೇ ಹಾಡು, ಅಪ್ಪಿಕೊಂಡು ಮಲಗುವುದು, ಯಾವುದನ್ನು ಆರಿಸಿದರೂ ಪ್ರತಿದಿನ ಅದನ್ನೇ ಮಾಡಿ. ನಡುರಾತ್ರಿ ಹಾಲಿನ ಬದಲಿಗೆ ಕೊಡುವುದೂ ಇದನ್ನೇ. ಈ ವಾರ ರಾತ್ರಿಯ ಹಾಲು ಮಾಮೂಲಿನಂತೆ ಇರಲಿ. ಅಪ್ಪನೋ ಅಜ್ಜಿಯೋ ಮಲಗಿಸುವುದಾದರೆ ಅದನ್ನು ರೂಢಿ ಮಾಡಿಸಲು ಇದೇ ಸಮಯ. ಕಷ್ಟದ ರಾತ್ರಿಯಲ್ಲಿ ಹೊಸ ಕೈ ಬಂದರೆ ಮಗು ಒಪ್ಪುವುದು ಕಡಿಮೆ.

ಹಗಲಿನ ಊಟವನ್ನೂ ಗಮನಿಸಿ. ಮೂರು ಊಟ, ನಡುವೆ ಎರಡು ಸಲ ತಿಂಡಿ, ಜೊತೆಗೆ ಹಗಲಿನ ಎದೆಹಾಲು ಸಿಗುತ್ತಿರಬೇಕು. ರಾತ್ರಿ ಹೊಟ್ಟೆ ತುಂಬಾ ಹಾಲು ಕುಡಿದ ಮಗುವಿಗೆ ಬೆಳಿಗ್ಗೆ ತಿಂಡಿ ಸೇರುವುದಿಲ್ಲ. ರಾತ್ರಿ ಹಾಲು ತಗ್ಗಿದಂತೆ ಬೆಳಗಿನ ಹಸಿವು ತಾನಾಗಿಯೇ ಏರುತ್ತದೆ.

ಎರಡನೇ ವಾರದಿಂದ: ಒಂದೊಂದಾಗಿ

20 ತಿಂಗಳ ಒಂದು ಮಗು ಒಂಬತ್ತಕ್ಕೆ ಮಲಗುತ್ತದೆ ಎಂದುಕೊಳ್ಳಿ. 11:30ಕ್ಕೆ 4 ನಿಮಿಷ, 2 ಗಂಟೆಗೆ 10 ನಿಮಿಷ, 4 ಗಂಟೆಗೆ 6 ನಿಮಿಷ, 5:30ಕ್ಕೆ ಇನ್ನೊಮ್ಮೆ ಕುಡಿಯುತ್ತದೆ. ಇಲ್ಲಿ 11ರಿಂದ 5ರವರೆಗೆ ಹಾಲಿಲ್ಲ ಎಂಬುದು ಗುರಿಯಾಗಲಿ. 5:30ರದ್ದನ್ನು ಬೆಳಗಿನ ಹಾಲು ಎಂದು ಉಳಿಸಿಕೊಳ್ಳಿ.

ಮೊದಲು 11:30ರದ್ದನ್ನು ತೆಗೆಯಿರಿ. ರಾತ್ರಿಯ ಮೊದಲ ಭಾಗದಲ್ಲಿ ನಿದ್ದೆಯ ಒತ್ತಡ ಹೆಚ್ಚು, ಮಗು ಬೇಗ ಮಲಗುತ್ತದೆ. ಐದು ನಿಮಿಷಕ್ಕಿಂತ ಕಡಿಮೆ ಕುಡಿಯುವ ಹಾಲನ್ನು ಒಮ್ಮೆಗೇ ನಿಲ್ಲಿಸಬಹುದು. ಎದ್ದ ಕೂಡಲೇ ಹತ್ತಿರ ಹೋಗಿ, ‘ಈಗ ಕತ್ತಲೆ, ಹಾಲು ಮಲಗಿದೆ. ಬೆಳಕಾದ ಮೇಲೆ ಕುಡಿಯೋಣ, ಅಮ್ಮ ಇಲ್ಲೇ ಇದ್ದೇನೆ’ ಎಂದು ಹೇಳಿ ಅಪ್ಪಿಕೊಳ್ಳಿ. ಇದೇ ಮಾತನ್ನು ಹಗಲಲ್ಲೂ ಒಂದೆರಡು ಸಲ ಹೇಳಿರಬೇಕು. ಕತ್ತಲಲ್ಲಿ ಮೊದಲ ಬಾರಿ ಕೇಳಿದ ಮಾತು ಸಮಾಧಾನ ಕೊಡುವುದಿಲ್ಲ.

ಮೂರು ನಾಲ್ಕು ರಾತ್ರಿಯಲ್ಲಿ ಅದು ಹೊಂದಿಕೊಂಡ ಮೇಲೆ 2 ಗಂಟೆಯದಕ್ಕೆ ಬನ್ನಿ. ಎರಡು ರಾತ್ರಿ 8 ನಿಮಿಷ, ಮತ್ತೆರಡು ರಾತ್ರಿ 6, ಆಮೇಲೆ 4, ನಂತರ ನಿಲುಗಡೆ. ಸಮಯವಾದಾಗ ಎಳೆದು ಬಿಡಿಸಬೇಡಿ. ‘ಹತ್ತು ಎಣಿಸಿ ಸಾಕು ಮಾಡೋಣ’ ಎಂದು ಎಣಿಸಿ, ಶುಚಿಯಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗಿಟ್ಟರೆ ಹಿಡಿತ ಸಡಿಲುತ್ತದೆ. ಕೊನೆಗೆ 4 ಗಂಟೆಯದನ್ನೂ ಹೀಗೆಯೇ 6ರಿಂದ 4ಕ್ಕೆ ಇಳಿಸಿ ನಿಲ್ಲಿಸಿ. ಇದೇ ಹೆಚ್ಚು ತ್ರಾಸದ ಹೊತ್ತು, ಏಕೆಂದರೆ ಆ ವೇಳೆಗೆ ನಿದ್ದೆ ಬಹುಪಾಲು ತೀರಿರುತ್ತದೆ. ಐದು ದಾಟಿದ ಮೇಲೆ ದೀಪ ಹಾಕಿ, ‘ಬೆಳಗಾಯಿತು’ ಎಂದು ಹೇಳಿಯೇ ಹಾಲು ಕೊಡಿ. ‘ಬೆಳಕಾದ ಮೇಲೆ’ ಎಂದ ಮಾತು ನಿಜ ಎಂದು ಮಗುವಿಗೆ ತಿಳಿಯುವುದು ಹೀಗೆ. ಬಾಯಾರಿಕೆಗೆ ಲೋಟದಲ್ಲಿ ನೀರು ಸಾಕು. ಬಾಟಲಿ ಹಾಲು ಕೊಟ್ಟರೆ ಒಂದು ಅಭ್ಯಾಸ ಹೋಗಿ ಇನ್ನೊಂದು ಬರುತ್ತದೆ, ಹಲ್ಲೂ ಹುಳುಕಾಗುತ್ತದೆ.

ಎಡವುವುದು ಎಲ್ಲಿ

ಒಂದು ಗಂಟೆ ಅಳಿಸಿ, ತಡೆಯಲಾಗದೆ ಹಾಲು ಕೊಡುವುದೇ ಎಲ್ಲಕ್ಕಿಂತ ಕೆಡುಕು. ಒಂದು ಗಂಟೆ ಅತ್ತರೆ ಸಿಗುತ್ತದೆ ಎಂಬುದನ್ನು ಮಗು ಕಲಿಯುತ್ತದೆ. ಇಂದು ನಿಮ್ಮಿಂದ ಆಗದು ಎನಿಸಿದರೆ ಕೇಳಿದ ತಕ್ಷಣ ಕೊಟ್ಟುಬಿಡಿ, ನಾಳೆ ಮುಂದುವರಿಸಿ. ಮೊಲೆಗೆ ಕಹಿ ಹಚ್ಚುವ ಉಪಾಯವೂ ಇಲ್ಲಿ ಹೊಂದದು: ಹಗಲಲ್ಲಿ ಸಿಹಿಯಾಗಿದ್ದದ್ದು ರಾತ್ರಿ ಕಹಿಯಾದರೆ ಮಗುವಿಗೆ ಗೊಂದಲವಷ್ಟೇ.

ಅಳುವೇ ಇರದು ಎಂದು ಯಾರೂ ಭರವಸೆ ಕೊಡಲಾರರು. ತೋಳಿನಲ್ಲಿದ್ದುಕೊಂಡು ಏರಿಳಿಯುತ್ತಾ ಅಳುವುದು ಸಿಟ್ಟಿನ ಅಳು. ಅದು ರಾತ್ರಿಯಿಂದ ರಾತ್ರಿಗೆ ತಗ್ಗಬೇಕು. ಮುಟ್ಟಿದರೆ ಸೆಟೆದು ತಳ್ಳುವುದು, ವಾಂತಿಯಾಗುವವರೆಗೆ ಅಳುವುದು, ಹಗಲಲ್ಲೂ ತಾಯಿಯನ್ನು ಬಿಡದಿರುವುದು, ಊಟ ಬಿಡುವುದು, ಇವು ಬೇರೆ. ಮೂರು ನಾಲ್ಕು ರಾತ್ರಿ ಹೀಗೆಯೇ ನಡೆದರೆ ನಿಲ್ಲಿಸಿ, ಮೂರು ನಾಲ್ಕು ವಾರ ಬಿಟ್ಟು ಮತ್ತೆ ನೋಡಿ.

ತಾಯಿಯ ದೇಹಕ್ಕೂ ಸಮಯ ಬೇಕು. ಒಂದೊಂದಾಗಿ ತಗ್ಗಿಸುವುದರಿಂದ ಎದೆ ಗಟ್ಟಿಯಾಗುವುದು ಕಡಿಮೆ. ಬಿಗಿದರೆ ಹಿತವಾಗುವಷ್ಟು ಮಾತ್ರ ಕೈಯಿಂದ ಹಿಂಡಿ. ಪೂರ್ತಿ ಖಾಲಿ ಮಾಡಿದರೆ ದೇಹ ಮತ್ತೆ ಅಷ್ಟೇ ಹಾಲು ತುಂಬುತ್ತದೆ. ಒಂದು ಭಾಗ ಕೆಂಪಾಗಿ ಬಿಸಿಯಾಗಿ ನೋಯುತ್ತಾ ಚಳಿ ಜ್ವರ ಬಂದರೆ ಅದೇ ದಿನ ವೈದ್ಯರನ್ನು ಕಾಣಿ. ಮುಟ್ಟು ಇನ್ನೂ ಮರಳದಿದ್ದವರಿಗೆ ಈ ಹಂತದಲ್ಲಿ ಮರಳಬಹುದು. ಅದಕ್ಕೂ ಮೊದಲೇ ಗರ್ಭ ನಿಲ್ಲುವ ಸಾಧ್ಯತೆ ಇರುವುದರಿಂದ, ಬೇಡವಾದವರು ಮುಂಚೆಯೇ ಗರ್ಭನಿರೋಧಕ ಬಳಸಬೇಕು.

ಎಲ್ಲ ಮುಗಿದ ಮೇಲೆ ಮಗುವಿಗೆ ಜ್ವರ ಬಂದರೆ ಕೇಳಿದಾಗಲೆಲ್ಲ ಹಾಲು ಕೊಡಿ, ಲೆಕ್ಕ ಬೇಡ. ಜ್ವರ ಇಳಿದು ಊಟ ಸೇರತೊಡಗಿದ ಮೇಲೆ ‘ಹಾಲು ಮಲಗಿದೆ’ ಎಂಬಲ್ಲಿಗೆ ಮರಳಿ. ಎರಡನೆಯ ಬಾರಿ ಸಾಮಾನ್ಯವಾಗಿ ಕೆಲವೇ ರಾತ್ರಿಗಳು ಸಾಕು.