ಗ್ಯಾಪ್ ಮುಚ್ಚಿಡದೆ ಹಳೇ ಬಾಸ್‌ಗೆ ಮೆಸೇಜ್ ಹಾಕೋದು ಹೇಗೆ?

ಮಂಗಳೂರಲ್ಲಿ ಆಡಿಟ್ ಆಫೀಸು, ಅಕೌಂಟ್ಸ್ ಅಂತ ಕೆಲಸ ಮಾಡಿ, ಮನೆ ಕಾರಣಕ್ಕೆ ಬಿಟ್ಟು, ಈಗ ವಾಪಸ್ ಹೋಗ್ಬೇಕು ಅನ್ನೋರು ಸುಮಾರು ಜನ ಇದ್ದಾರೆ. ಅವರು ಹಳೇ ಸರ್‌ಗೆ ಹಾಕೋ ಮೆಸೇಜ್ ನೋಡಿದ್ರೆ ತಲೆ ಬಿಸಿ ಆಗ್ತದೆ ಮಾರಾಯ್ರೆ.

ಮೊದಲು ನಂಬರ್ ಸರಿ ಉಂಟಾ ನೋಡಿ. ವಾಟ್ಸಾಪ್ ಬ್ರಾಡ್‌ಕಾಸ್ಟ್ ಲಿಸ್ಟ್ ಬೇಡವೇ ಬೇಡ, ನಿಮ್ಮ ನಂಬರ್ ಸೇವ್ ಮಾಡದವರಿಗೆ ಅದು ಹೋಗೋದೇ ಇಲ್ಲ.

ಆಮೇಲೆ ದಿನ ನೋಡಿ. ಅಕೌಂಟ್ಸ್‌ನವರಿಗೆ ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ ರಿಟರ್ನ್ ಹಾಕೋ ಕೊನೇ ದಿನ, ಆ ನಡುವೆ ಹಾಕಿದ ಮೆಸೇಜ್ ಅಡಿಗೆ ಹೋಗಿ ಬೀಳ್ತದೆ. 23ರ ನಂತರ ಹಾಕಿ.

ಎಲ್ಲರೂ ಎಡವೋದು ಗ್ಯಾಪ್ ಹೇಳೋ ಜಾಗದಲ್ಲಿ. ಸುಮಿತ್ರಾ ಅಂತ ಒಬ್ಬರು ಇದ್ದಾರೆ ಅಂತ ಇಟ್ಕೊಳ್ಳಿ, 2016ರಲ್ಲಿ ಕೆಲಸ ಬಿಟ್ಟವರು. "ಪರ್ಸನಲ್ ರೀಸನ್" ಅಂತ ಹಾಕಿದ್ರೆ ಓದಿದವರು ಇಲ್ಲದ್ದೆಲ್ಲ ಊಹಿಸ್ತಾರೆ, ಅತ್ತೆಯ ಡಯಾಲಿಸಿಸ್ ಕಥೆ ಪೂರಾ ಬರೆದ್ರೆ ಪಾಪ ಅಂದು ಸುಮ್ಮನಾಗ್ತಾರೆ, 2019ರವರೆಗೆ ಇದ್ದೆ ಅಂತ ಎಳೆದ್ರೆ ಪಿಎಫ್ ಸರ್ವಿಸ್ ಹಿಸ್ಟರಿಯಲ್ಲಿ ಬಿಟ್ಟ ತಾರೀಕು ಕೂತಿರ್ತದೆ, ಹೊಸ ಕಂಪನಿಯವರು ಚೆಕ್ ಮಾಡಿದ್ರೆ ಸಿಕ್ಕಿಬೀಳ್ತೀರಿ. ಮತ್ತೆ ಸುಮಿತ್ರಾ ಬಿಟ್ಟ ಮೇಲೆ, 2017 ಜುಲೈ 1ಕ್ಕೆ ಜಿಎಸ್‌ಟಿ ಬಂತು. ಇವರಿಗೆ ಜಿಎಸ್‌ಟಿ ಬರ್ತದಾ ಅನ್ನೋದೇ ಸರ್‌ಗೆ ಬರೋ ನಿಜವಾದ ಡೌಟ್, ಗ್ಯಾಪ್ ಎಷ್ಟು ವರ್ಷ ಅನ್ನೋದಲ್ಲ. ಹಾಗಾಗಿ ಹೀಗೆ ಬರೀಬೇಕು:

"ಸರ್ ನಮಸ್ಕಾರ, ನಾನು ಸುಮಿತ್ರಾ, ನಿಮ್ಮಲ್ಲಿ ವ್ಯಾಟ್ 100 ರಿಟರ್ನ್, ಬೈಕಂಪಾಡಿ ಫ್ಯಾಕ್ಟರಿಯ ಸ್ಟಾಕ್ ಲೆಕ್ಕ ನೋಡ್ತಿದ್ದವಳು. ಅತ್ತೆಗೆ ಹುಷಾರಿಲ್ಲದೆ 2016ರಲ್ಲಿ ಕೆಲಸ ಬಿಟ್ಟೆ, ಆಮೇಲೆ ಎಲ್ಲೂ ಕೆಲಸ ಮಾಡಿಲ್ಲ. ಈಗ ಆ ಜವಾಬ್ದಾರಿ ಇಲ್ಲ. ಆರು ತಿಂಗಳಿಂದ ಭಾವನ ಅಂಗಡಿಯ ಜಿಎಸ್‌ಟಿಆರ್-1, 3ಬಿ ನಾನೇ ಹಾಕ್ತಿದ್ದೇನೆ, ಟ್ಯಾಲಿ ಪ್ರೈಮ್ ಬರ್ತದೆ, ಟಿಡಿಎಸ್ ಇನ್ನೂ ಕಲೀಬೇಕು. ನನ್ನಂಥವರನ್ನು ಈಗ ಯಾವ ಕೆಲಸಕ್ಕೆ ತಗೊಳ್ತಾರೆ ಅಂತ ಹತ್ತು ನಿಮಿಷ ಕೇಳಬಹುದಾ?"

ಬರದ್ದನ್ನೂ ಹೇಳಿದ್ದಾರೆ ನೋಡಿ, ಅದರಿಂದ್ಲೇ ಬರ್ತದೆ ಅಂದದ್ದನ್ನು ನಂಬಬಹುದು. ಭಾವನ ಅಂಗಡಿ ಇಲ್ಲದಿದ್ರೆ ಆ ಸಾಲು ಹಾಕಬೇಡಿ, ಮೊದಲು ಯಾರದ್ದಾದ್ರೂ ಚಿಕ್ಕ ಲೆಕ್ಕ ಹಿಡಿದು ಕಲೀರಿ. "ಕೆಲಸ ಉಂಟಾ ಸರ್" ಅಂತ ನೇರ ಕೇಳಿದ್ರೆ ಇಲ್ಲಮ್ಮ ಅಂತ ಮುಗಿಸೋದು ಅವರಿಗೂ ಸುಲಭ, ಸಲಹೆ ಕೇಳಿದ್ರೆ ಯಾರ ಆಫೀಸಲ್ಲಿ ಜನ ಬೇಕು ಅಂತ ಅವರೇ ಹೇಳೋದುಂಟು. ದುಡ್ಡು ತಗೊಂಡು ರೆಸ್ಯೂಮೆ ಬರ್ಕೊಡೋರು ಈ ಗ್ಯಾಪನ್ನು "ಕನ್ಸಲ್ಟೆಂಟ್" ಅಂತ ಮಾಡಿ ಕೊಡ್ತಾರೆ, ಅವರ ಹತ್ರ ಹೋಗ್ಲೇಬೇಡಿ. ಕ್ಲೈಂಟ್ ಯಾರು ಅಂತ ಕೇಳಿದ್ರೆ ಎಂತ ಹೇಳ್ತೀರಿ?

ರಿಪ್ಲೈ ಬರದಿದ್ರೆ ಮುಂದಿನ ತಿಂಗಳ 23ರ ನಂತರ ಒಮ್ಮೆ ಕೇಳಿ, ಮತ್ತೆ ಬಿಡಿ. ಮದುವೆ ಹಾಲಲ್ಲಿ ಸಿಕ್ಕಿದ್ರೆ ಊಟದ ಪಂಕ್ತಿಯಲ್ಲಿ ಹಿಡಿದು ಶುರು ಮಾಡೋದು ಬೇಡ, "ಮೆಸೇಜ್ ಹಾಕಿದ್ದೆ ಸರ್" ಅಂದ್ರೆ ಸಾಕು. ಕೆಲಸ ಸಿಕ್ಕಿದ್ರೆ ಪಿಎಫ್‌ನ ಹಳೇ ಯುಎಎನ್ ನಂಬರೇ ಕೊಡಿ, ಹೊಸದು ಮಾಡಿಸಬೇಡಿ.