ಕನ್ನಡ ಮಾಧ್ಯಮದಿಂದ ಪಿಯುಸಿ ಸೈನ್ಸ್‌ಗೆ: ಎರಡು ಪುಸ್ತಕ ಪಕ್ಕಪಕ್ಕ ಇಟ್ಟು ಓದಿದ ನನ್ನ ಅನುಭವ

ಫಸ್ಟ್ ಪಿಯುಸಿಯಲ್ಲಿ ನಾನು ಒಂಬತ್ತನೇ ತರಗತಿಯ ವಿಜ್ಞಾನ ಪುಸ್ತಕ ಹಿಡಿದು ಕೂತಿದ್ದನ್ನು ನೋಡಿ ಹಾಸ್ಟೆಲ್‌ನಲ್ಲಿ ಎಲ್ಲರೂ ಬೇಡ ಅಂದಿದ್ದರು. ಸೀನಿಯರ್ ಒಬ್ಬರು, 'ಹಿಂದಕ್ಕೆ ಯಾಕೋ ಹೋಗ್ತೀಯ, ಇರೋ ಸಿಲಬಸ್ಸೇ ಮುಗಿಯಲ್ಲ' ಅಂದರು. ಮನೆಯಲ್ಲಿ ದೊಡ್ಡಪ್ಪ, 'ಆರ್ಟ್ಸ್‌ಗೆ ಬದಲಾಯಿಸಿಕೊಂಡುಬಿಡು, ಇನ್ನೂ ಟೈಮಿದೆ' ಅಂತ ಎರಡು ಸಲ ಫೋನ್ ಮಾಡಿದರು. ಈಗ ಬಿಎಸ್ಸಿ ಕೊನೆಯ ವರ್ಷದಲ್ಲಿದ್ದೇನೆ. ಅವತ್ತು ಬೇಡ ಅಂದವರ ತಮ್ಮ ತಂಗಿಯರೇ ಈಗ ನನ್ನ ನೋಟ್‌ಬುಕ್ ಜೆರಾಕ್ಸ್ ಮಾಡಿಸಿಕೊಳ್ಳುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ.

ಎಸ್‌ಎಸ್‌ಎಲ್‌ಸಿಯಲ್ಲಿ ನನಗೆ 625ಕ್ಕೆ ಐನೂರ ಎಪ್ಪತ್ತರ ಆಸುಪಾಸು ಬಂದಿತ್ತು, ವಿಜ್ಞಾನದಲ್ಲಿ ತೊಂಬತ್ತರ ಮೇಲೆ. ಪಿಯುಸಿಯ ಮೊದಲ ಕಿರುಪರೀಕ್ಷೆಯಲ್ಲಿ ಫಿಸಿಕ್ಸ್‌ಗೆ 25ಕ್ಕೆ 6. ಆ ಆರು ಅಂಕವೂ ಸೂತ್ರ ಬರೆದಿದ್ದಕ್ಕೆ ಬಂದವು. ಕನ್ನಡ ಪುಸ್ತಕದಲ್ಲೂ v = u + at ಅಂತಲೇ ಇರುತ್ತದಲ್ಲ, ಅದೊಂದು ಕೈಹಿಡಿಯಿತು.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಸುಮಾರು 300 ರೂಪಾಯಿ ಕೊಟ್ಟು ಇಂಗ್ಲಿಷ್-ಕನ್ನಡ ನಿಘಂಟು ತಂದೆ. ಅರ್ಧ ಪುಟಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು. ಹುಡುಕಿದರೂ 'ಬಾಡಿ' ಅಂದರೆ ಶರೀರ, 'ಫೀಲ್ಡ್' ಅಂದರೆ ಹೊಲ. ಫಿಸಿಕ್ಸ್ ಪುಟದಲ್ಲಿ ಶರೀರವೂ ಇಲ್ಲ, ಹೊಲವೂ ಇಲ್ಲ. ಆಮೇಲೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಸೇರಿದೆ, ಎರಡು ತಿಂಗಳಿಗೆ 3,500. ಅಲ್ಲಿ ಕಲಿಸಿದ್ದು ಪರಿಚಯ ಹೇಳಿಕೊಳ್ಳುವುದು, ಅಂಗಡಿಯಲ್ಲಿ ಮಾತಾಡುವುದು. ಪಠ್ಯಪುಸ್ತಕದ ಒಂದು ವಾಕ್ಯಕ್ಕೂ ಅದು ಉಪಯೋಗಕ್ಕೆ ಬರಲಿಲ್ಲ. ಟ್ಯೂಷನ್‌ಗೆ ಇನ್ನೊಂದು ಆರು ಸಾವಿರ ಹೋಯಿತು. ಅಲ್ಲಿ ಲೆಕ್ಕ ಬೇಗ ಬೇಗ ಮಾಡಿಸುತ್ತಿದ್ದರು. ಲೆಕ್ಕ ನನಗೆ ಬರುತ್ತಿತ್ತು, ಪ್ರಶ್ನೆ ಏನು ಕೇಳುತ್ತಿದೆ ಅನ್ನೋದೇ ಗೊತ್ತಾಗುತ್ತಿರಲಿಲ್ಲ. ಅಪ್ಪ ಎರಡು ಕುರಿ ಮಾರಿ ಕೊಟ್ಟ ದುಡ್ಡು ಅದು. ಇವತ್ತಿಗೂ ನೆನೆದರೆ ಹೊಟ್ಟೆ ಉರಿಯುತ್ತದೆ.

ಬಾಯಿಪಾಠವನ್ನೂ ಪ್ರಯತ್ನಿಸಿದೆ. ಮಧ್ಯದಲ್ಲಿ ಒಂದು ಪದ ಮರೆತರೆ ಮುಂದಿನ ಇಡೀ ಉತ್ತರ ನಿಂತುಹೋಗುತ್ತಿತ್ತು.

ತಿರುವು ಸಿಕ್ಕಿದ್ದು ದಸರಾ ರಜೆಯಲ್ಲಿ. ಪಕ್ಕದ ಮನೆಯ ಹುಡುಗಿ ಇಂಗ್ಲಿಷ್ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಳು. ಅವಳ ವಿಜ್ಞಾನ ಪುಸ್ತಕ ತೆರೆದರೆ, ನಾನು ಓದಿದ್ದ ಅದೇ ಚಿತ್ರ, ಅದೇ ಪ್ರಶ್ನೆ, ಅದೇ ಉದಾಹರಣೆ. ನಮ್ಮ ರಾಜ್ಯದ ಪಠ್ಯಪುಸ್ತಕ ಎರಡೂ ಮಾಧ್ಯಮಕ್ಕೆ ಒಂದೇ ಅಂತ ಎಲ್ಲರಿಗೂ ಗೊತ್ತು, ಆದರೆ ಅದನ್ನು ಹೀಗೆ ಉಪಯೋಗಿಸಬಹುದು ಅಂತ ನನಗೆ ಹೊಳೆದಿರಲಿಲ್ಲ. ಕರ್ನಾಟಕ ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಎರಡೂ ಪಿಡಿಎಫ್ ಪುಕ್ಕಟೆ ಸಿಗುತ್ತವೆ. ನಾನು ಆರು ಅಧ್ಯಾಯ ಮಾತ್ರ ಜೆರಾಕ್ಸ್ ಮಾಡಿಸಿದೆ, ನೂರೈವತ್ತು ರೂಪಾಯಿ ಆಗಿರಬೇಕು. ಸುಮಾರು ಹತ್ತು ಸಾವಿರ ಕಳೆದ ಮೇಲೆ ಕೆಲಸ ಮಾಡಿದ್ದು ಈ ನೂರೈವತ್ತು.

ಶುರು ಮಾಡಿದ್ದು 'ಬಲ ಮತ್ತು ಚಲನೆಯ ನಿಯಮಗಳು' ಅಧ್ಯಾಯದಿಂದ, ಯಾಕೆಂದರೆ ಅದು ನನಗೆ ನಿದ್ದೆಯಲ್ಲೂ ಬರುತ್ತಿತ್ತು. ಕನ್ನಡದ ಒಂದು ಪ್ಯಾರಾ ಓದಿ ಪುಸ್ತಕ ಮುಚ್ಚಿ, ಅದೇ ಪ್ಯಾರಾ ಇಂಗ್ಲಿಷಿನಲ್ಲಿ ಓದುವುದು. ನಿಘಂಟು ಮುಟ್ಟುವ ಹಾಗಿಲ್ಲ. ಅರ್ಥ ಮೊದಲೇ ತಲೆಯಲ್ಲಿ ಇರುವುದರಿಂದ ಪದ ತಾನಾಗಿಯೇ ತನ್ನ ಜಾಗದಲ್ಲಿ ಕೂರುತ್ತದೆ. 'ಅನ್‌ಲೆಸ್' ಅನ್ನೋ ಪದ ನನಗೆ ಎಂದೂ ಬಗೆಹರಿದಿರಲಿಲ್ಲ. ನ್ಯೂಟನ್ನನ ಮೊದಲ ನಿಯಮದಲ್ಲಿ 'ಬಾಹ್ಯ ಬಲ ಪ್ರಯೋಗವಾಗದ ಹೊರತು' ಅಂತ ಓದಿದ ತಕ್ಷಣ ಇಂಗ್ಲಿಷಿನಲ್ಲಿ ಅದೇ ಜಾಗದಲ್ಲಿ 'ಅನ್‌ಲೆಸ್' ಕಂಡಿತು. ಅದು 'ಹೊರತು'. ಮತ್ತೆ ಮರೆಯಲೇ ಇಲ್ಲ.

ಸಿಕ್ಕ ಪದಗಳನ್ನು ಎರಡು ಪಟ್ಟಿ ಮಾಡಿದೆ. ಒಂದರಲ್ಲಿ ವಿಜ್ಞಾನದ ಪದ: ಜವ ಅಂದರೆ ಸ್ಪೀಡ್, ವೇಗ ಅಂದರೆ ವೆಲಾಸಿಟಿ, ವೇಗೋತ್ಕರ್ಷ ಅಂದರೆ ಆ್ಯಕ್ಸಲರೇಷನ್, ಸಂವೇಗ ಅಂದರೆ ಮೊಮೆಂಟಮ್. ಇನ್ನೊಂದರಲ್ಲಿ ಜೋಡಿಸುವ ಪದ: ವೇರ್‌ಆ್ಯಸ್, ಹೆನ್ಸ್, ಸಪೋಸ್, ರೆಸ್ಪೆಕ್ಟಿವ್ಲಿ ಇಂಥವು. ಮೂರು ವಾರ ಕಳೆಯುವ ಹೊತ್ತಿಗೆ ಮೊದಲ ಪಟ್ಟಿ ಮುನ್ನೂರು ದಾಟಿ ಬೆಳೆಯುತ್ತಲೇ ಇತ್ತು. ಎರಡನೆಯದು ತೊಂಬತ್ತರ ಹತ್ತಿರ ನಿಂತುಬಿಟ್ಟಿತು. ಹೊಸ ಅಧ್ಯಾಯ ತೆರೆದರೂ ಅವೇ ತೊಂಬತ್ತು ಮರಳಿ ಮರಳಿ ಬರುತ್ತಿದ್ದವು.

ನನ್ನನ್ನು ಬೀಳಿಸಿದ್ದು ಈ ಎರಡನೇ ಪಟ್ಟಿಯೇ. ವಿಜ್ಞಾನದ ಪದಗಳನ್ನು ಲೆಕ್ಚರರ್ ಬೋರ್ಡ್ ಮೇಲೆ ಬರೆದು ವಿವರಿಸುತ್ತಾರೆ. 'ರೆಸ್ಪೆಕ್ಟಿವ್ಲಿ'ಯನ್ನು ಯಾರೂ ವಿವರಿಸುವುದಿಲ್ಲ. ಆ ಕಿರುಪರೀಕ್ಷೆಯಲ್ಲಿ 2 ಮತ್ತು 3 ಕೆಜಿಯ ಎರಡು ವಸ್ತುಗಳ ವೇಗ ಸೆಕೆಂಡಿಗೆ 4 ಮತ್ತು 5 ಮೀಟರ್, 'ರೆಸ್ಪೆಕ್ಟಿವ್ಲಿ' ಅಂತ ಇತ್ತು. ಯಾವ ವೇಗ ಯಾವ ವಸ್ತುವಿಗೆ ಅಂತ ತಿಳಿಯದೆ ಇಡೀ ಲೆಕ್ಕ ಬಿಟ್ಟಿದ್ದೆ. ಅದು 'ಕ್ರಮವಾಗಿ', ಅಷ್ಟೇ. ಹತ್ತನೇ ತರಗತಿಯ ಗಣಿತದಲ್ಲಿ ನೂರು ಸಲ ಓದಿದ ಪದ.

ಪದ ಗೊತ್ತಾದರೂ ಉದ್ದ ವಾಕ್ಯ ಬಿಚ್ಚಿಕೊಳ್ಳುತ್ತಿರಲಿಲ್ಲ. ಇದಕ್ಕೆ ದಾರಿ ಕಂಡುಕೊಳ್ಳಲು ಇನ್ನೊಂದು ತಿಂಗಳು ಹೋಯಿತು. ಒಂದು ವಾಕ್ಯ ತೆಗೆದುಕೊಳ್ಳಿ: 'ದ ಫೋರ್ಸ್ ರಿಕ್ವೈರ್ಡ್ ಟು ಕೀಪ್ ಎ ಬಾಡಿ ಮೂವಿಂಗ್ ಆನ್ ಎ ರಫ್ ಹಾರಿಜಾಂಟಲ್ ಸರ್ಫೇಸ್ ವಿತ್ ಯೂನಿಫಾರ್ಮ್ ವೆಲಾಸಿಟಿ ಈಸ್ ಈಕ್ವಲ್ ಟು ದ ಫ್ರಿಕ್ಷನಲ್ ಫೋರ್ಸ್.' ನಾನು 'ರಿಕ್ವೈರ್ಡ್' ಕಂಡ ಕೂಡಲೇ ಅದೇ ಕ್ರಿಯಾಪದ ಅಂದುಕೊಂಡು 'ಬಲ ಬೇಕಾಯಿತು' ಅಂತ ವಾಕ್ಯ ಮುಗಿಸುತ್ತಿದ್ದೆ. ಮುಂದೆ 'ಈಸ್' ಬಂದಾಗ ಎಲ್ಲ ಕಲಸಿಹೋಗುತ್ತಿತ್ತು.

ಈಗ ಮೊದಲು 'ಈಸ್' ಹುಡುಕಿ ಅದಕ್ಕೆ ಮುಂಚೆ ಪೆನ್ಸಿಲ್‌ನಲ್ಲಿ ಗೆರೆ ಹಾಕುತ್ತೇನೆ. ಆಮೇಲೆ ಗೆರೆಯಿಂದ ಹಿಮ್ಮುಖವಾಗಿ ತುಂಡು ತುಂಡಾಗಿ ಓದುತ್ತೇನೆ. ಏಕರೂಪ ವೇಗದಲ್ಲಿ, ಒರಟಾದ ಸಮತಲ ಮೇಲ್ಮೈ ಮೇಲೆ, ಚಲಿಸುತ್ತಲೇ ಇರುವಂತೆ, ವಸ್ತುವನ್ನು, ಇಡಲು, ಬೇಕಾದ, ಬಲ. ನೋಡಿ, ನೇರ ಕನ್ನಡ ವಾಕ್ಯವೇ ಬಂತು. ನಾವು ವಿಶೇಷಣವನ್ನೆಲ್ಲ ನಾಮಪದದ ಮುಂಚೆ ಇಡುತ್ತೇವೆ, ಅವರು ಇಂಥ ಉದ್ದ ವಿಶೇಷಣವನ್ನು ನಾಮಪದದ ನಂತರ ಕಟ್ಟುತ್ತಾರೆ. ಗೆರೆಯ ಆಚೆ ಉಳಿದದ್ದು 'ಘರ್ಷಣಾ ಬಲಕ್ಕೆ ಸಮ'. ಒಂದೇ ವಾಕ್ಯದಲ್ಲಿ 'ವಿಚ್' ಎರಡು ಸಲ ಬಂದರೆ ಗೆರೆ ಎಲ್ಲಿ ಹಾಕಬೇಕು ಅನ್ನೋದಕ್ಕೆ ನನ್ನದೊಂದು ಗುಟ್ಟಿದೆ. ಅದನ್ನು ಪೆನ್ಸಿಲ್ ಹಿಡಿದು ತೋರಿಸಬೇಕೇ ಹೊರತು ಬರೆದು ಹೇಳಿದರೆ ಕೆಡುತ್ತದೆ, ಇಲ್ಲಿ ಬಿಟ್ಟಿದ್ದೇನೆ.

ಲೆಕ್ಚರ್ ವಿಷಯಕ್ಕೆ ಬಂದರೆ, ಅನುಮತಿ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿ ನೋಡಿದೆ. ಹದಿನೈದಿಪ್ಪತ್ತು ಕ್ಲಾಸ್ ರೆಕಾರ್ಡ್ ಆದವು, ಮರಳಿ ಕೇಳಿದ್ದು ಎರಡೋ ಮೂರೋ. ಒಂದು ಗಂಟೆಯ ಪಾಠ ಕೇಳಲು ಮತ್ತೊಂದು ಗಂಟೆ ಎಲ್ಲಿಂದ ತರುವುದು? ಅದರ ಬದಲು ಹಿಂದಿನ ರಾತ್ರಿ ಬರೀ ಎರಡು ಪುಟ ಗೆರೆ ಹಾಕಿ ಓದಿಕೊಂಡು ಹೋಗುತ್ತಿದ್ದೆ. ಆಗ ಕ್ಲಾಸಿನಲ್ಲಿ ಕೇಳುವುದು ಎರಡನೇ ಸಲ ಆಗುತ್ತದೆ. ಅವರು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲೇ ಬರೆದುಕೊಳ್ಳುವ ಹಟ ಬಿಟ್ಟೆ. ಸೂತ್ರ, ಚಿತ್ರ, ಅಂಕಿ ಬೋರ್ಡಿನಿಂದ, ವಿವರಣೆ ಅಂಚಿನಲ್ಲಿ ಕನ್ನಡದಲ್ಲಿ. ಸಂಜೆ ಪುಸ್ತಕ ನೋಡಿ ಆ ಅಂಚಿನ ಕನ್ನಡಕ್ಕೆ ಇಂಗ್ಲಿಷ್ ವಾಕ್ಯ ಹುಡುಕಿ ಬರೆಯುವುದು, ಅರ್ಧ ಗಂಟೆಯ ಕೆಲಸ. ಡಿಸೆಂಬರ್ ಹೊತ್ತಿಗೆ ಅಂಚು ತಾನಾಗಿಯೇ ಖಾಲಿಯಾಗುತ್ತ ಬಂತು.

ಬಯಾಲಜಿಯಲ್ಲಿ ಮಧ್ಯೆ ಒಂದು ಬೇರೆ ಆಟ ಆಡಿದೆ. ದ್ಯುತಿ ಅಂದರೆ ಬೆಳಕು, ಫೋಟೋ ಅಂದರೂ ಬೆಳಕು, ಸಂಶ್ಲೇಷಣೆಯೇ ಸಿಂಥೆಸಿಸ್. ಸ್ವಪೋಷಕ ಅಂದರೆ ಆಟೋಟ್ರೋಫ್, ಪರಪೋಷಕ ಅಂದರೆ ಹೆಟೆರೋಟ್ರೋಫ್, ಹಾಗಾದರೆ 'ಟ್ರೋಫ್' ಪೋಷಣೆ. ಇಂಗ್ಲಿಷ್ ಮಾಧ್ಯಮದ ಗೆಳೆಯರು ಈ ಪದಗಳನ್ನು ಸುಮ್ಮನೆ ಉರು ಹೊಡೆಯುತ್ತಿದ್ದರು, ನನಗೆ ಒಳಗಿನ ಅರ್ಥವೇ ಕಾಣುತ್ತಿತ್ತು. ಇದೊಂದರಲ್ಲಿ ನಾವು ಅವರಿಗಿಂತ ಮುಂದೆ ಇದ್ದೇವೆ ಅಂತ ಧೈರ್ಯವಾಗಿ ಹೇಳುತ್ತೇನೆ.

ಬರೆಯುವುದು ಕೊನೆಗೆ ಒಲಿದದ್ದು. ಸರಳ ಲೋಲಕದ ರೆಕಾರ್ಡ್ ಎರಡು ಸಲ ವಾಪಸ್ ಬಂತು, ಪ್ರತಿ ಸಾಲಿಗೂ 'ಐ ಟುಕ್', 'ಐ ಸಾ' ಅಂತ ಬರೆದಿದ್ದಕ್ಕೆ. ಆಮೇಲೆ ಗಮನಿಸಿದೆ, ನಮ್ಮ ಕನ್ನಡ ಪುಸ್ತಕದಲ್ಲೂ ಪ್ರಯೋಗದ ವಿವರಣೆಯಲ್ಲಿ 'ನಾನು' ಇರುವುದಿಲ್ಲ. 'ಅಳೆಯಲಾಗುತ್ತದೆ', 'ದಾಖಲಿಸಲಾಗುತ್ತದೆ' ಅಂತಲೇ ಇರುತ್ತದೆ. ಆ '-ಲಾಗುತ್ತದೆ' ಬಂದಲ್ಲೆಲ್ಲ 'ಈಸ್ ಮೆಷರ್ಡ್', 'ಈಸ್ ನೋಟೆಡ್' ಅಂತ ಇಡುತ್ತ ಹೋದೆ. '20 ಆಂದೋಲನಗಳಿಗೆ ತೆಗೆದುಕೊಂಡ ಕಾಲವನ್ನು ದಾಖಲಿಸಲಾಗುತ್ತದೆ' ಅನ್ನೋದು 'ದ ಟೈಮ್ ಟೇಕನ್ ಫಾರ್ 20 ಆಸಿಲೇಷನ್ಸ್ ಈಸ್ ನೋಟೆಡ್' ಆಯಿತು. ಒಂದು ವಾಕ್ಯಕ್ಕೆ ಒಂದೇ ಕ್ರಿಯಾಪದ ಅಂತ ಕಟ್ಟುನಿಟ್ಟು ಮಾಡಿಕೊಂಡೆ. ಮೂರನೇ ಸಲ ಸಹಿ ಬಿತ್ತು. ಡಿಗ್ರಿಯ ಅಸೈನ್‌ಮೆಂಟ್‌ಗಳನ್ನೂ ಹೀಗೆ ಬಿಡಿ ವಾಕ್ಯಗಳಲ್ಲಿ ಬರೆದು, ತೊಂಬತ್ತರ ಪಟ್ಟಿಯ ಪದಗಳಿಂದ ಹೊಲಿಯುತ್ತೇನೆ. 'ಎ', 'ಆ್ಯನ್', 'ದ' ಮಾತ್ರ ಇವತ್ತಿಗೂ ತಪ್ಪುತ್ತವೆ. ಅದಕ್ಕೆ ಅಂಕ ಕಡಿಮೆಯಾದದ್ದು ನನಗೆ ನೆನಪಿಲ್ಲ.

ಆ ವರ್ಷದ ಕೊನೆಯ ಪರೀಕ್ಷೆಯಲ್ಲಿ ಫಿಸಿಕ್ಸ್ ಥಿಯರಿಗೆ 70ಕ್ಕೆ ಐವತ್ತೆಂಟೋ ಐವತ್ತೊಂಬತ್ತೋ ಬಂತು. ಕೆಮಿಸ್ಟ್ರಿ ಐವತ್ತರ ಮೇಲೆ. ಗಣಿತ ಮಾತ್ರ ಏಳಲಿಲ್ಲ, ಕಾರಣವೂ ಗೊತ್ತಿತ್ತು. ಈ ವಿಧಾನ ನಡೆಯಬೇಕಾದರೆ ವಿಷಯ ಮೊದಲು ಕನ್ನಡದಲ್ಲಿ ಬಂದಿರಬೇಕು. ಲಿಮಿಟ್ಸ್, ಡೆರಿವೇಟಿವ್ಸ್ ಹೈಸ್ಕೂಲಿನಲ್ಲಿ ಇರಲೇ ಇಲ್ಲ, ಪಕ್ಕದಲ್ಲಿ ಇಡೋದಕ್ಕೆ ಕನ್ನಡ ಪುಟವೇ ಇಲ್ಲ. ಕೊನೆಗೆ ಗಣಿತದ ಲೆಕ್ಚರರ್ ಹತ್ತಿರ ಹೋಗಿ, 'ಸಾರ್, ಒಂದು ಸಲ ಕನ್ನಡದಲ್ಲಿ ಹೇಳಿಬಿಡಿ, ಸಾಕು' ಅಂದೆ. ಸ್ಟಾಫ್ ರೂಮಿನಲ್ಲೇ ಹಾಳೆ ತೆಗೆದು ಇಪ್ಪತ್ತು ನಿಮಿಷ ಹೇಳಿದರು. ಅದನ್ನು ರೂಮಿಗೆ ಬಂದು ಕನ್ನಡದಲ್ಲಿ ಎರಡು ಪುಟ ಬರೆದೆ. ಅದೇ ನನ್ನ ಕನ್ನಡ ಪುಸ್ತಕವಾಯಿತು, ಅದನ್ನು ಪಕ್ಕ ಇಟ್ಟುಕೊಂಡು ಇಂಗ್ಲಿಷ್ ಅಧ್ಯಾಯ ಓದಿದೆ.

ತಮ್ಮ ಈ ಜೂನ್‌ನಲ್ಲಿ ಫಸ್ಟ್ ಪಿಯುಸಿ ಸೇರಿದ್ದಾನೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿದ ವಾರವೇ ಅವನಿಗೆ ಎರಡು ಪುಸ್ತಕ ಕೊಟ್ಟು ಕೂರಿಸಿದ್ದೆ. ಅವನ ಜೋಡಿಸುವ ಪದಗಳ ಪಟ್ಟಿ ಎಂಬತ್ತನಾಲ್ಕಕ್ಕೆ ನಿಂತಿದೆ.