ಬಾಗಿಲು ತೆರೆಯುವ ಆರು ಗಂಟೆಯಿಂದ ಹಿಂದಕ್ಕೆ ಎಣಿಸಿದಾಗ

ಹಾಸನದ ನಮ್ಮ ಬೇಕರಿಯ ಬಾಗಿಲು ಬೆಳಿಗ್ಗೆ 6 ಗಂಟೆಗೆ ತೆರೆಯುತ್ತದೆ. ಮೊದಲೆಲ್ಲ ರಾತ್ರಿ 1 ಗಂಟೆಗೆ ಬಂದು ಬ್ರೆಡ್ಡು, ಬನ್ನು, ಖಾರಾಬನ್ನು ಎಲ್ಲದರ ಹಿಟ್ಟನ್ನೂ ಒಂದರ ಹಿಂದೆ ಒಂದರಂತೆ ಕಲಸಿ, ಯಾವುದು ಎದ್ದಿತೋ ಅದನ್ನು ಓವನ್ನಿಗೆ ತಳ್ಳುತ್ತಿದ್ದೆವು. ಕೊನೆಯ ಬ್ರೆಡ್ಡು ಹೊರಬರುವಾಗ ನಾಲ್ಕೂವರೆಯಾಗಿ, ಐದೂಕಾಲಿಗೆ ಅದನ್ನು ಬಿಸಿಬಿಸಿಯಾಗಿಯೇ ಸ್ಲೈಸಿಂಗ್ ಯಂತ್ರಕ್ಕೆ ಕೊಡುತ್ತಿದ್ದೆವು. ಬಿಸಿ ಬ್ರೆಡ್ಡು ಬ್ಲೇಡಿಗೆ ಅಂಟಿ ಒಳತಿರುಳು ಮುದ್ದೆಯಾಗುತ್ತಿತ್ತು. ಹೇಗೋ ಕತ್ತರಿಸಿ ಕವರಿಗೆ ಹಾಕಿದರೆ ಒಳಗೆ ನೀರಹನಿ ಕಟ್ಟಿಕೊಂಡು, ಮಳೆಗಾಲದಲ್ಲಂತೂ ಮೂರನೇ ದಿನಕ್ಕೇ ಬೂಷ್ಟು ಕಾಣಿಸಿಕೊಳ್ಳುತ್ತಿತ್ತು. ದಿನಕ್ಕೆ ಹತ್ತು-ಹನ್ನೆರಡು ಪ್ಯಾಕೆಟ್ ವಾಪಸ್ಸು ಬರುತ್ತಿದ್ದವು. ಒಂದಕ್ಕೆ 40 ರೂಪಾಯಿಯಂತೆ ಹಿಡಿದರೂ ತಿಂಗಳಿಗೆ ಹನ್ನೆರಡು ಸಾವಿರದ ಮೇಲೆ ಕಸದ ಬುಟ್ಟಿಗೆ ಹೋಗುತ್ತಿತ್ತು.

ನಾನು ಬಹಳ ದಿನ ತಪ್ಪನ್ನು ಹಿಟ್ಟಿನಲ್ಲಿಯೇ ಹುಡುಕಿದೆ. ಮೈದಾ ಬದಲಿಸಿದೆ, ಕವರ್ ಬದಲಿಸಿದೆ. ಕೊನೆಗೆ ನಾನೂರು-ಐನೂರು ರೂಪಾಯಿಯ, ಚುಚ್ಚಿ ನೋಡುವ ಥರ್ಮಾಮೀಟರ್ ತಂದು ಬ್ರೆಡ್ಡಿನ ನಡುವಿಗೆ ಇಳಿಸಿದಾಗ ಗೊತ್ತಾಯಿತು: ಹೊರಗೆ ತಣ್ಣಗೆನಿಸಿದ 400 ಗ್ರಾಂ ಬ್ರೆಡ್ಡಿನ ಒಳಗೆ ಮುಕ್ಕಾಲು ಗಂಟೆಯ ನಂತರವೂ 60 ಡಿಗ್ರಿಯ ಹತ್ತಿರ ಇತ್ತು. ಅದು 35-38ಕ್ಕೆ ಇಳಿಯಲು ನಮ್ಮ ಕೋಣೆಯಲ್ಲಿ ಹೆಚ್ಚುಕಡಿಮೆ ಎರಡು ಗಂಟೆ ಬೇಕಾಗುತ್ತದೆ. ಆ ಎರಡು ಗಂಟೆಯಲ್ಲಿ ಯಾರೂ ಕೆಲಸ ಮಾಡುವುದಿಲ್ಲವಾದ್ದರಿಂದ ನಮ್ಮ ಲೆಕ್ಕದಲ್ಲಿ ಅದು ಇರಲೇ ಇಲ್ಲ.

ಆದ್ದರಿಂದ ಒಂದು ಹಳೆಯ ಕ್ಯಾಲೆಂಡರಿನ ಬೆನ್ನ ಮೇಲೆ ಹಿಂದಿನಿಂದ ಬರೆಯತೊಡಗಿದೆ. ನಮಗೆ ದಿನಕ್ಕೆ 80 ಬ್ರೆಡ್ಡು ಬೇಕು. ಎರಡು ಅಂತಸ್ತಿನ ಕರೆಂಟ್ ಓವನ್ನಿನಲ್ಲಿ ಒಂದು ಸಲಕ್ಕೆ 40 ಟಿನ್ನು ಹಿಡಿಯುತ್ತವೆ. ಕತ್ತರಿಸಿ, ಕವರಿಗೆ ಹಾಕಿ, ಕಟ್ಟಲು ಇಬ್ಬರಿಗೆ 40 ನಿಮಿಷ ಬೇಕಾಗುವುದರಿಂದ, ಆರು ಗಂಟೆಗೆ ಇಪ್ಪತ್ತು ನಿಮಿಷ ಮೊದಲೇ ಮುಗಿಸಬೇಕೆಂದರೆ ಯಂತ್ರ 5:00ಕ್ಕೆ ಶುರುವಾಗಬೇಕು. ಮೊದಲ ಸಲ ಬೆಂದ ನಲವತ್ತನ್ನು ಮೊದಲು ಕತ್ತರಿಸಿದರೆ ಎರಡನೆಯದರ ಸರದಿ 5:20ಕ್ಕೆ ಬರುತ್ತದೆ. ಅಂದರೆ ಅದು 3:15ಕ್ಕೆ ಹೊರಗೆ ಬಂದಿರಬೇಕು. ಬೇಯಲು 35 ನಿಮಿಷವಾದ್ದರಿಂದ ಅದು ಒಳಗೆ ಹೋಗುವುದು 2:40ಕ್ಕೆ. ಖಾಲಿ ಮಾಡಿ ಕಾವು ಹಿಡಿಯಲು ಐದು ನಿಮಿಷ ಬಿಟ್ಟರೆ ಮೊದಲನೆಯದು 2:00ಕ್ಕೆ ಒಳಗೆ ಹೋಗಬೇಕು. ಟಿನ್ನಿನಲ್ಲಿ ಏಳಲು ಒಂದು ಗಂಟೆ, ತುಂಡು ಮಾಡಿ ಉರುಳಿಸಲು 25 ನಿಮಿಷ, ಮೊದಲ ಹುದುಗಿಗೆ 45, ಕಲಸಲು 15, ತೂಗಲು 10. ಹೀಗೆ ಇಳಿಯುತ್ತಾ ಹೋದರೆ ಮೈದಾ ಚೀಲಕ್ಕೆ ಕೈ ಹಾಕಬೇಕಾದ ಹೊತ್ತು ರಾತ್ರಿ 11:25.

ಎರಡನೇ ಮಿಶ್ರಣಕ್ಕೂ ಇದೇ ಲೆಕ್ಕ, ಆದರೆ ಸರಿಯಾಗಿ 40 ನಿಮಿಷ ತಡವಾಗಿ. ಕಲಸುವ ಯಂತ್ರ ಬಿಡುವಾಗಿದೆ ಎಂದು ಎರಡನ್ನೂ ಒಟ್ಟಿಗೆ ಕಲಸಿದ್ದೇ ನಮ್ಮ ಹಳೆಯ ತಪ್ಪು. ಓವನ್ನಿಗಾಗಿ ಕಾಯುತ್ತಿದ್ದ ಹಿಟ್ಟು ಅಷ್ಟರಲ್ಲಿ ಅತಿಯಾಗಿ ಎದ್ದು, ಒಳಗೆ ಹೋದ ಮೇಲೆ ತಲೆ ಕುಸಿಯುತ್ತಿತ್ತು. ಬೆಂದ ಬ್ರೆಡ್ಡು ಅರ್ಧ ಗಂಟೆ ಹೆಚ್ಚು ಕಾದರೆ ಏನೂ ಆಗುವುದಿಲ್ಲ, ಹಿಟ್ಟಾದರೋ ಹತ್ತು ನಿಮಿಷವೂ ಕಾಯುವುದಿಲ್ಲ. ಆದಕಾರಣ ಕೈಯಲ್ಲಿ ಉಳಿಯುವ ನಿಮಿಷಗಳನ್ನೆಲ್ಲ ನಾನು ಆರುವ ಹಂತದ ನಂತರವೇ ಇಟ್ಟಿದ್ದೇನೆ.

ನಮ್ಮ ಮಾಸ್ಟರ್ ಇಪ್ಪತ್ತೈದು ವರ್ಷದಿಂದ ಹಿಟ್ಟು ಮುಟ್ಟಿದವರು. ಚೀಟಿ ನೋಡಿ, "ಹಿಟ್ಟು ನಿಮ್ಮ ಗಡಿಯಾರ ನೋಡ್ಕೊಂಡು ಏಳೋದಿಲ್ಲ ಸ್ವಾಮಿ" ಎಂದರು. ಹುಡುಗರಿಗೆ ಒಂದೂವರೆ ಗಂಟೆ ಮೊದಲು ಬರುವುದು ಬೇಡವಾಗಿತ್ತು; ಇಬ್ಬರಿಗೂ ರಾತ್ರಿಗೆ 150 ರೂಪಾಯಿ ಹೆಚ್ಚಿಗೆ ಕೊಡಲು ಒಪ್ಪಿದೆ. ಅದು ತಿಂಗಳಿಗೆ ಒಂಬತ್ತು ಸಾವಿರ. ವಾಪಸ್ಸು ನಿಂತ ದುಡ್ಡಿನಲ್ಲಿ ಅದನ್ನು ಕಳೆದರೆ ಮೂರು ಸಾವಿರದಷ್ಟು ಉಳಿಯಿತೆನ್ನಬಹುದು, ಆದರೆ ನಿಜವಾದ ಲಾಭ ಬೇರೆ ಕಡೆಯಿಂದ ಬಂತು: ಸ್ಲೈಸು ಹರಿಯುತ್ತದೆಂದು ನಮ್ಮನ್ನು ಬಿಟ್ಟಿದ್ದ ಒಂದು ಸ್ಯಾಂಡ್‌ವಿಚ್ ಅಂಗಡಿಯವರು ತಾವಾಗಿಯೇ ಮರಳಿ ಬಂದು ದಿನಕ್ಕೆ ಹದಿನೈದು ಪ್ಯಾಕೆಟ್ ಒಯ್ಯುತ್ತಿದ್ದಾರೆ.

ಮಾಸ್ಟರ್ ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಜನವರಿಯಲ್ಲಿ ನಾನು ಚೀಟಿಯನ್ನೇ ನಂಬಿ ಪೆಟ್ಟು ತಿಂದೆ. ಕಲಸಿದ ಹಿಟ್ಟು 27 ಡಿಗ್ರಿ ಇರಬೇಕಾದಲ್ಲಿ 21-22 ಇತ್ತು; 2 ಗಂಟೆಗೆ ಟಿನ್ನಿನ ಮುಕ್ಕಾಲು ಭಾಗವಷ್ಟೇ ಎದ್ದಿತ್ತು. ಸಮಯವಾಯಿತೆಂದು ಒಳಗೆ ತಳ್ಳಿದೆ, ನಲವತ್ತರಲ್ಲಿ ಮೂವತ್ತರಷ್ಟು ಪಕ್ಕಕ್ಕೆ ಬಿರಿದು ಇಟ್ಟಿಗೆಯಂತೆ ಬಂದವು. ಈಗ ಚಳಿಗಾಲಕ್ಕೆ ಬೇರೆಯೇ ಚೀಟಿಯಿದೆ: ನೀರನ್ನು ಬೆಚ್ಚಗೆ ಮಾಡಿ ಹಿಟ್ಟಿನ ಕಾವನ್ನು ಸರಿಪಡಿಸುತ್ತೇವೆ, ಕೆಲಸವನ್ನೂ 11:00ಕ್ಕೇ ಆರಂಭಿಸುತ್ತೇವೆ, ಮತ್ತು ಓವನ್ನಿಗೆ ಹೋಗುವ ಅಪ್ಪಣೆಯನ್ನು ಗಡಿಯಾರವಲ್ಲ, ಟಿನ್ನಿನ ಅಂಚಿಗಿಂತ ಒಂದು ಬೆರಳು ಕೆಳಗೆ ನಿಂತ ಹಿಟ್ಟು ಕೊಡುತ್ತದೆ. ಏಪ್ರಿಲ್-ಮೇ ತಿಂಗಳ ಚೀಟಿ ಮೂರನೆಯದು. ಅದರಲ್ಲಿ ಮಂಜುಗಡ್ಡೆಯ ಜೊತೆಗೆ ಇನ್ನೊಂದು ಬದಲಾವಣೆಯೂ ಇದೆ. ಅದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.

ಆರುವ ಹೊತ್ತನ್ನು ಕಡಿಮೆ ಮಾಡಲು ಫ್ಯಾನು ಹಾಕಿಯೂ ನೋಡಿದೆ. ಇಪ್ಪತ್ತು-ಇಪ್ಪತ್ತೈದು ನಿಮಿಷ ಉಳಿಯಿತು ನಿಜ, ಆದರೆ ಗಾಳಿ ಬಡಿದ ಕಡೆಯ ಸಿಪ್ಪೆ ಒಣಗಿ ಸೀಳಿತು. ಅದಕ್ಕಿಂತ, ಹೊರತೆಗೆದ ಕೂಡಲೇ ಟಿನ್ನಿನಿಂದ ಬಿಡಿಸಿ ಜಾಲರಿಯ ಮೇಲೆ ಒಂದಕ್ಕೊಂದು ತಾಗದಂತೆ ಇಡುವುದೇ ಮೇಲು. ಟಿನ್ನಿನಲ್ಲಿಯೇ ಬಿಟ್ಟರೆ ತಳ ಬೆವರಿ ಮೆತ್ತಗಾಗುತ್ತದೆ.

ಇನ್ನೊಂದು ದುರಾಸೆಯ ಕತೆಯಿದೆ. ಬ್ರೆಡ್ಡು ಹೊರಬಂದ 3:15ರಿಂದ ಬನ್ನು ಹೋಗುವ 4:30ರ ತನಕ ಓವನ್ ಖಾಲಿ ಇರುವುದನ್ನು ಕಂಡು, ಅಲ್ಲಿ ರಸ್ಕು ಒಣಗಿಸಲು ಹೋದೆ. ರಸ್ಕಿಗೆ 150 ಡಿಗ್ರಿಗೆ ಇಳಿಸಿದ ಓವನ್ನು ಮತ್ತೆ 220ಕ್ಕೆ ಏರಲು ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ತೆಗೆದುಕೊಂಡಿತು, ಅಷ್ಟರಲ್ಲಿ ಟ್ರೇಗಳಲ್ಲಿದ್ದ ಬನ್ನುಗಳು ಒಂದಕ್ಕೊಂದು ಒರಗಿ ಚಪ್ಪಟೆಯಾದವು. ಕಾವು ಇಳಿಸಬೇಕಾದ ರಸ್ಕು, ಬೆಣ್ಣೆ ಬಿಸ್ಕತ್ತು ಎಲ್ಲವೂ ಈಗ ಬಾಗಿಲು ತೆರೆದ ನಂತರವೇ. ಬನ್ನಿಗೆ ಆರಲು ಅರ್ಧ ಗಂಟೆ ಸಾಕು, ಅದರ ಕೊನೆಯ ಟ್ರೇ 5:15ಕ್ಕೆ ಹೊರಬರುತ್ತದೆ. ಖಾರಾಬನ್ನಿಗೆ ಆರುವ ಹೊತ್ತೇ ಬೇಡ. 5:50ಕ್ಕೆ ತೆಗೆದರೆ ಬಾಗಿಲು ತೆರೆಯುವಾಗ ಈರುಳ್ಳಿ, ಕರಿಬೇವಿನ ಘಮ ರಸ್ತೆಗೆ ಬಂದಿರುತ್ತದೆ.

ಈ ಲೆಕ್ಕ ಕೈಕೊಡುವುದು ಕರೆಂಟು ಹೋದಾಗ. ಮೊನ್ನೆ ಒಂದು ರಾತ್ರಿ, ಮೊದಲ ನಲವತ್ತು ಬೆಂದು ಹೊರಬಂದು, ಎರಡನೆಯದು ಒಳಗೆ ಹೋಗಬೇಕು ಎನ್ನುವಷ್ಟರಲ್ಲಿ ಹೋಗಿ, ಮರಳಿ ಬರಲು ಮುಕ್ಕಾಲು ಗಂಟೆಯಾಯಿತು. ಟಿನ್ನಿನಲ್ಲಿದ್ದ ಹಿಟ್ಟನ್ನು ಕುಗ್ಗಿಸಿ ಮತ್ತೆ ಉರುಳಿಸಿ ಏಳಲು ಬಿಟ್ಟೆವು, ನಡುವೆ ಬನ್ನಿಗೆ ಓವನ್ನು ಬಿಟ್ಟುಕೊಡಬೇಕಾಗಿ ಬಂದು, ಬ್ರೆಡ್ಡು ಬೆಂದಾಗ ಆರು ಗಂಟೆಗೆ ಹತ್ತು ನಿಮಿಷವಿತ್ತು. ಹಳೆಯ ಕಾಲವಾಗಿದ್ದರೆ ಹಾಗೆಯೇ ಕತ್ತರಿಸುತ್ತಿದ್ದೆವು. ಅಂದು ಆ ನಲವತ್ತನ್ನು ಕತ್ತರಿಸದೆ, ಕವರಿಗೂ ಹಾಕದೆ, ಕಾಗದದಲ್ಲಿ ಸುತ್ತಿ ಇಡೀ ಬ್ರೆಡ್ಡಾಗಿಯೇ ಮಾರಿದೆವು; ಸ್ಲೈಸೇ ಬೇಕೆಂದವರಿಗೆ ಎಂಟು ಗಂಟೆಯ ಮೇಲೆ ಬರಲು ಹೇಳಿ ಕಳುಹಿಸಿದರು ನಮ್ಮ ಮಾಸ್ಟರ್.